ಒಂದು ಪದವೋ, ಎರಡೋ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ ಅಂತ ನನ್ನ ಗಂಡ ಯಾವಾಗಲೂ ಹೇಳುತ್ತಾರೆ. ಇರಲಿ. ನನ್ನ ಕೆಲಸಕ್ಕೆ ಅದು ಬೇಕು.

ನಾನು ಅನುವಾದ ಮಾಡುತ್ತೇನೆ. ಕಥೆ ಕಾದಂಬರಿ ಅಂದುಕೊಳ್ಳಬೇಡಿ, ಅಷ್ಟು ದೊಡ್ಡ ಮನುಷ್ಯಳಲ್ಲ ನಾನು. ಮೊಬೈಲ್ ಪರದೆ ಮೇಲೆ ಬರುತ್ತಲ್ಲ, "ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಅಂತ, ನೀವು ಓದಿ ಹಲ್ಲು ಕಡಿಯುತ್ತೀರಲ್ಲ, ಅಂಥ ವಾಕ್ಯಗಳು. ಇಂಗ್ಲಿಷಿನಲ್ಲಿ ಅದನ್ನು ಒಬ್ಬರು ಬರೆಯುತ್ತಾರೆ, ನಮ್ಮ ಭಾಷೆಯಲ್ಲಿ ನಾನು ಬರೆಯುತ್ತೇನೆ. ಬೈಗುಳ ಇಬ್ಬರಿಗೂ ಸಮಪಾಲು.

ಇಂಗ್ಲಿಷ್ ಬರೆಯುವವರನ್ನು ನಾವೆಲ್ಲ ಮೇಷ್ಟ್ರು ಅಂತ ಕರೆಯುತ್ತೇವೆ. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೆ ಆಫೀಸಿನಲ್ಲಿ ಯಾರು ಏನು ಬರೆದರೂ ಕೆಂಪು ಗೆರೆ ಎಳೆಯದೆ ಬಿಟ್ಟವರೂ ಅಲ್ಲ. ಕ್ಯಾಂಟೀನಿನ ಗೋಡೆಗೆ ಅಂಟಿಸಿದ ಬೋರ್ಡಿನಲ್ಲೂ ಒಂದು ಅಲ್ಪವಿರಾಮ ತಿದ್ದಿದ್ದಾರೆ, ನಾನೇ ಕಣ್ಣಾರೆ ನೋಡಿದ್ದೇನೆ. ಈ ಕೆಲಸ ನನಗೆ ಕಲಿಸಿದವರು ಅವರು. ಅವರ ಮೇಲೆ ಎಷ್ಟು ಗೌರವವೋ ಅಷ್ಟೇ ಸಿಟ್ಟು.

ನಮ್ಮ ಕಂಪನಿ ಆಸ್ಪತ್ರೆಗಳಿಗೆ ಒಂದು ಆ್ಯಪ್ ಮಾಡಿಕೊಡುತ್ತೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ತಮ್ಮ ಕುರ್ಚಿ ಕಾಯ್ದಿರಿಸೋದು ಅದರಲ್ಲೇ. ವಾರದ ಕೊನೆಯಲ್ಲಿ ಆ್ಯಪ್ ತೆರೆದು ಮುಂದಿನ ವಾರ ಬರುತ್ತೇನೆ ಅಂತ ಖಾತ್ರಿ ಮಾಡಬೇಕು. ಮಾಡದಿದ್ದರೆ ಕುರ್ಚಿ ಕಾಯುತ್ತಿರುವವರಿಗೆ ಹೋಗುತ್ತೆ. ನಮ್ಮ ಅತ್ತೆಗೂ ಅದೇ ಆಸ್ಪತ್ರೆ, ಅದೇ ಆ್ಯಪ್. ಅವರ ಕಿಡ್ನಿ ಕೈಕೊಟ್ಟ ಮೇಲೆ ಸೋಮವಾರ, ಬುಧವಾರ, ಶುಕ್ರವಾರ ಯಂತ್ರವೇ ಅವರ ರಕ್ತ ಶುದ್ಧ ಮಾಡಬೇಕು. ಒಂದು ದಿನ ತಪ್ಪಿದರೆ ಕಾಲು ಊದಿಕೊಳ್ಳುತ್ತೆ, ಆಮೇಲೆ ಉಸಿರು ಕಟ್ಟುತ್ತೆ. ಶುಕ್ರವಾರ ಆದಮೇಲೆ ಸೋಮವಾರದವರೆಗಿನ ಅಂತರ ದೊಡ್ಡದು, ಅದೇ ಎಲ್ಲಕ್ಕಿಂತ ಅಪಾಯ ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದರು.

ಅತ್ತೆ ಹೊಲಿಗೆ ಅಂಗಡಿ ನಡೆಸಿದ ಹೆಂಗಸು. ಯಾರ ಹಂಗೂ ಇಟ್ಟುಕೊಂಡವರಲ್ಲ. "ನನ್ನ ರಕ್ತ, ನನ್ನ ಕುರ್ಚಿ, ನೀವ್ಯಾಕೆ ಮಧ್ಯ ಬರ್ತೀರಿ" ಅಂತ ಫೋನನ್ನು ತಾವೇ ನೋಡಿಕೊಳ್ಳುತ್ತಾರೆ. ನಮ್ಮ ಭಾಷೆ ಚೆನ್ನಾಗಿ ಓದುತ್ತಾರೆ. ಇಂಗ್ಲಿಷ್ ಬರುವುದಿಲ್ಲ.

ಒಂದು ದಿನ ಆ್ಯಪ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಮೇಲೆ ಲಾಗಿನ್ ಅಂತಿದೆ. ಕೆಳಗೂ ಲಾಗಿನ್ ಅಂತಿದೆ. ಯಾವುದನ್ನ ಒತ್ತೋದು, ಯಾವುದನ್ನ ಓದೋದು? ಬರೆದವಳಿಗೆ ಅಷ್ಟೂ ಗೊತ್ತಾಗಲ್ವಾ?"

"ಬರೆದವಳು ನಾನೇ ಅತ್ತೆ," ಅಂದೆ.

"ಅದಕ್ಕೇ ಹೀಗಿದೆ," ಅಂದರು, ನಕ್ಕರು.

ಮಾತು ಸರಿಯಾಗಿತ್ತು. ಮೇಲಿನದು ಪುಟದ ಹೆಸರು, ಕೆಳಗಿನದು ಒತ್ತುವ ಬಟನ್. ಇಂಗ್ಲಿಷಿನಲ್ಲೂ ಎರಡು ಕಡೆ ಒಂದೇ ಪದ ಇತ್ತು, ಲಾಗಿನ್, ಕಂಪನಿಯ ಹಳೇ ರೂಢಿಯಂತೆ ಸೇರಿಸಿ ಬರೆದದ್ದು. ಹಾಗಾಗಿ ನಾನು ಮೇಷ್ಟ್ರಿಗೆ ಒಂದು ಪ್ರಶ್ನೆ ಕಳಿಸಿದೆ. ಬಟನ್ ಮೇಲಿನ ಲಾಗಿನ್ ನಾಮಪದವೋ, ಕ್ರಿಯಾಪದವೋ? ಕ್ರಿಯಾಪದ ಆದರೆ ನಾನು "ಒಳಗೆ ಹೋಗಿ" ಅಂತ ಬರೆಯುತ್ತೇನೆ.

ಅವರು ಕುರ್ಚಿ ಎಳೆದುಕೊಂಡು ನನ್ನ ಮೇಜಿನ ಹತ್ತಿರವೇ ಬಂದು ಕೂತರು. ಮುಖ ಹಬ್ಬವಾಗಿತ್ತು. "ಇಷ್ಟು ವರ್ಷದಲ್ಲಿ ಇದನ್ನ ಕೇಳಿದವಳು ನೀನೊಬ್ಬಳೇ ನೋಡಮ್ಮ. ಹೆಸರಾದ್ರೆ ಸೇರಿಸಿ, ಲಾಗಿನ್. ಲಾಗಿನ್ ಪುಟ, ನನ್ನ ಲಾಗಿನ್. ಮಾಡು ಅಂತ ಹೇಳೋದಾದ್ರೆ ಬಿಡಿಸಿ, ಲಾಗ್ ಇನ್. ಅನುಮಾನ ಇದ್ರೆ ಭೂತಕಾಲಕ್ಕೆ ಹಾಕು. ಲಾಗ್ಡ್ ಇನ್ ಅಂತಾರೆ. ಲಾಗಿನ್ಡ್ ಅಂತ ಯಾರಾದ್ರೂ ಅಂತಾರಾ?"

"ಮತ್ತೆ ಇ-ಮೇಲ್? ಒಂದು ಕಡೆ ಗೆರೆ ಇದೆ, ಇನ್ನೊಂದು ಕಡೆ ಇಲ್ಲ," ಅಂದೆ.

"ಅದರಲ್ಲಿ ಆ ಜಗಳ ಇಲ್ಲ. ಹೆಸರಾದ್ರೂ ಕ್ರಿಯೆಯಾದ್ರೂ ಒಂದೇ ರೂಪ. ಅಡ್ಡಗೆರೆ ಇಡೋದು ತಪ್ಪಲ್ಲ, ಹಳೇ ರೂಢಿ. ಈಗ ಜಗತ್ತೇ ಗೆರೆ ಬಿಟ್ಟಿದೆ. ಒಂದು ಕಡೆ ಗೆರೆ, ಇನ್ನೊಂದು ಕಡೆ ಇಲ್ಲ, ಅದು ತಪ್ಪು. ಯಾವುದಾದ್ರೂ ಒಂದನ್ನ ಹಿಡಿದು ಕೊನೇವರೆಗೂ ನಡೀಬೇಕು." ಎದ್ದು ಹೋಗುವಾಗ, "ನಾನು ಸರಿ ಮಾಡ್ತೀನಿ ಬಿಡು," ಅಂದರು.

ಆ್ಯಪ್‌ನ ಮುಂದಿನ ಆವೃತ್ತಿ ಬಿಡುವಾಗ ಅಂತ ನಾನು ಅಂದುಕೊಂಡೆ. ಯಾಕೆ ಅಂದರೆ ಈ ಸಲದ್ದಕ್ಕೆ ಬೀಗ ಬಿದ್ದಾಗಿತ್ತು. ಹೊಸ ಆ್ಯಪ್ ಬಿಡುವುದಕ್ಕೆ ಮುಂಚೆ ಇಂಗ್ಲಿಷ್ ವಾಕ್ಯಗಳನ್ನು ಯಾರೂ ಮುಟ್ಟಬಾರದು ಅನ್ನೋದು ನಮ್ಮಲ್ಲಿ ಕಟ್ಟುನಿಟ್ಟು. ಅದಕ್ಕೆ ಕಾರಣ ಇದೆ. ನಮ್ಮ ಆ್ಯಪ್ ಅನುವಾದವನ್ನು ಹುಡುಕುವುದು ಇಂಗ್ಲಿಷ್ ವಾಕ್ಯವನ್ನೇ ಗುರುತಾಗಿಟ್ಟುಕೊಂಡು. ಅಕ್ಷರ ಅಕ್ಷರ ಹೊಂದಿದರೆ ನನ್ನ ವಾಕ್ಯ ತೋರಿಸುತ್ತೆ. ಒಂದು ಗೆರೆ ಕಮ್ಮಿಯಾದರೂ, ನಡುವೆ ಒಂದು ಖಾಲಿ ಜಾಗ ಹೆಚ್ಚಾದರೂ, ಇದು ಬೇರೆ ವಾಕ್ಯ ಅಂತ ತಿಳಿದು ನನ್ನ ಅನುವಾದದ ಮೇಲೆ "ಅನುಮಾನ" ಅಂತ ಗುರುತು ಹಾಕಿ ಪಕ್ಕಕ್ಕಿಡುತ್ತೆ. ಮನುಷ್ಯರೊಬ್ಬರು ನೋಡಿ ಸರಿ ಅನ್ನುವವರೆಗೂ ಇಂಗ್ಲಿಷನ್ನೇ ತೋರಿಸುತ್ತೆ. ಮೇಷ್ಟ್ರಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಅವರ ತಲೆಯಲ್ಲಿ ಅರ್ಥ ಬದಲಾದರೆ ಮಾತ್ರ ವಾಕ್ಯ ಬದಲಾದ ಹಾಗೆ. ಗೆರೆ ತೆಗೆಯುವುದು, ಪದ ಬಿಡಿಸುವುದು, ಇವೆಲ್ಲ ಅವರಿಗೆ ಧೂಳು ಒರೆಸಿದಷ್ಟೇ. ಬೀಗ ಬಿದ್ದ ಮಾರನೇ ದಿನ ಒಳಗೆ ಹೋಗಿ ಎಲ್ಲಾ ಒರೆಸಿಬಿಟ್ಟಿದ್ದರು. ಶುಕ್ರವಾರ ಸಂಜೆ ಹೊಸ ಆ್ಯಪ್ ಹೊರಗೆ ಹೋಯಿತು.

ಶನಿವಾರ ಅತ್ತೆ ಎಂದಿನಂತೆ ಕಿಟಕಿ ಹತ್ತಿರ ಕೂತು ಖಾತ್ರಿ ಮಾಡಿದರು. ನಾನು ಅಲ್ಲೇ ಬಟ್ಟೆ ಮಡಚುತ್ತಿದ್ದೆ. "ಆಯ್ತು ಕಣೇ," ಅಂತ ಫೋನ್ ಕೆಳಗಿಟ್ಟರು. ನಾನು ತಲೆ ಎತ್ತಿಯೂ ನೋಡಲಿಲ್ಲ.

ಸೋಮವಾರ ಬೆಳಗ್ಗೆ ಆಸ್ಪತ್ರೆಯಲ್ಲಿ ಡಯಾಲಿಸಿಸ್ ವಿಭಾಗದ ಸಿಸ್ಟರ್ ಕಂಪ್ಯೂಟರ್ ನೋಡಿ ತಲೆ ಆಡಿಸಿದರು. "ಅಮ್ಮನ ಹೆಸರು ಇಲ್ಲ. ಖಾತ್ರಿ ಆಗಿಲ್ಲ."

"ನನ್ನ ಕಣ್ಣೆದುರೇ ಮಾಡಿದಾರೆ," ಅಂದೆ, ಸ್ವಲ್ಪ ಜೋರಾಗಿಯೇ.

"ಕೊನೆ ಹೆಜ್ಜೆ ಮಾಡಿಲ್ಲ ಮೇಡಂ. ಇವತ್ತು ಬೆಳಗ್ಗೆಯಿಂದ ಎಷ್ಟೋ ಜನಕ್ಕೆ ಹೀಗೇ ಆಗಿದೆ. ಯಾರ ಮನೇಲಿ ಇಂಗ್ಲಿಷ್ ಓದೋ ಮಕ್ಕಳಿದಾರೋ ಅವರಿಗೆಲ್ಲ ಕುರ್ಚಿ ಸಿಕ್ಕಿದೆ."

ಅತ್ತೆಯ ಫೋನ್ ಕಿತ್ತುಕೊಂಡು ನೋಡಿದೆ. ಖಾತ್ರಿ ಒತ್ತಿದ ಮೇಲೆ ಬರುವ ವಾಕ್ಯ ಇಂಗ್ಲಿಷಿನಲ್ಲಿತ್ತು. ನಿಮ್ಮ ಇಮೇಲ್‌ಗೆ ಒಂದು ಸಂಖ್ಯೆ ಕಳಿಸಿದ್ದೇವೆ, ಅದನ್ನು ಹಾಕಿ ಮತ್ತೆ ಲಾಗ್ ಇನ್ ಆದರೆ ಮಾತ್ರ ಕುರ್ಚಿ ನಿಮ್ಮದು, ಅಂತ ಅದರ ಅರ್ಥ. ಹೊಸ ಆ್ಯಪ್‌ನಲ್ಲಿ ಮೊದಲ ಸಲ ಸೇರಿದ ಈ ಹೆಜ್ಜೆಯ ವಾಕ್ಯವನ್ನೂ ನಾನು ಅನುವಾದ ಮಾಡಿದ್ದೆ. ಮೂರು ಸಲ ತಿದ್ದಿ ಮಾಡಿದ್ದೆ. ಅದೆಲ್ಲಿ ಹೋಯಿತು? ಇಂಗ್ಲಿಷನ್ನು ಇನ್ನೊಂದು ಸಲ ಓದಿದೆ. ಇಮೇಲ್, ಗೆರೆ ಇಲ್ಲ. ಲಾಗ್, ಜಾಗ, ಇನ್. ಮೇಷ್ಟ್ರು ಧೂಳು ಒರೆಸಿದ್ದರು.

"ಅತ್ತೆ, ಇದು ಅರ್ಥ ಆಗದೇ ಇದ್ದಾಗ ನನ್ನ ಯಾಕೆ ಕೇಳಲಿಲ್ಲ?"

"ಎಲ್ಲಾ ಆದ್ಮೇಲೆ ಬಂತಲ್ಲ. ಥ್ಯಾಂಕ್ಸ್ ಹೇಳ್ತಿದೆ ಅಂದ್ಕೊಂಡೆ," ಅಂದರು. ಆಮೇಲೆ ಮುಖ ಆ ಕಡೆ ತಿರುಗಿಸಿದರು. ಯಾವತ್ತೂ ಯಾರ ಮುಂದೆಯೂ ತಪ್ಪಿತಸ್ಥಳಂತೆ ನಿಂತ ಹೆಂಗಸಲ್ಲ ಅದು.

ಸಿಸ್ಟರ್ ಹೇಳಿದ್ದಿಷ್ಟು. ಇವತ್ತು ಯಾರಾದರೂ ಬರದೆ ಕುರ್ಚಿ ಖಾಲಿಯಾದರೆ ಆ್ಯಪ್ ಕಾಯುತ್ತಿರುವವರಿಗೆ ಸರದಿ ಪ್ರಕಾರ ಒಬ್ಬೊಬ್ಬರಿಗೇ ಮೆಸೇಜ್ ಕಳಿಸುತ್ತೆ. ಹತ್ತು ನಿಮಿಷದೊಳಗೆ ಲಾಗ್ ಇನ್ ಆಗಿ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಮುಂದಿನವರಿಗೆ. "ನಮ್ಮ ಕೈಯಲ್ಲಿ ಏನೂ ಇಲ್ಲ. ಹಿಂದೆ ನಾವೇ ಕೊಡ್ತಿದ್ವಿ, ಗುರುತಿನವರಿಗೆ ಕೊಟ್ರು ಅಂತ ದೊಡ್ಡ ಗಲಾಟೆ ಆಯ್ತು. ಅದಕ್ಕೇ ಆ್ಯಪ್ ತಂದಿದ್ದು."

ಅಷ್ಟರಲ್ಲಿ ಆಫೀಸಿನಿಂದ ಫೋನ್, ತಕ್ಷಣ ಬಾ ಅಂತ. ಹೋಗಲೋ ಇರಲೋ ಗೊತ್ತಾಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಅತ್ತೆಗೆ ಜಾಗ ಮಾಡಿದೆ. ಪಕ್ಕದಲ್ಲಿ ಒಬ್ಬ ತಾತ ಕೂತಿದ್ದರು, ಒಬ್ಬರೇ, ಅವರದ್ದೂ ಅದೇ ಕಥೆ, ಬೆಳಗ್ಗೆಯಿಂದ ಕಾಯುತ್ತಿದ್ದರು. ನನ್ನ ಗಂಡ ಗಾಡಿ ನಿಲ್ಲಿಸಿ ಬಂದರು. "ನೀನು ಹೋಗು. ಇದನ್ನ ಸರಿಮಾಡಕ್ಕಾಗೋದು ಅಲ್ಲೇ ತಾನೆ? ನಾನಿದೀನಿ," ಅಂದರು.

ಆಫೀಸಿನ ಮೀಟಿಂಗ್ ಕೋಣೆಯಲ್ಲಿ ಮ್ಯಾನೇಜರ್ ಮೇಡಂ, ಪ್ರೋಗ್ರಾಮರ್, ಮೇಷ್ಟ್ರು, ಮೂವರೂ ಇದ್ದರು. ನಾನು ಬ್ಯಾಗ್ ಇಳಿಸುವ ಮೊದಲೇ ಮೇಡಂ ಶುರು ಮಾಡಿದರು. "ಆಸ್ಪತ್ರೆಯಿಂದ ಫೋನ್ ಮೇಲೆ ಫೋನ್. ವರದಿಯಲ್ಲಿ 'ಅನುವಾದ ಇಲ್ಲ' ಅಂತ ಬರ್ತಿದೆ. ಅನುವಾದ ಅಂದ್ರೆ ನಿನ್ನ ಜವಾಬ್ದಾರಿ ಅಲ್ವಾ?"

"ನಾನು ಮಾಡಿಕೊಟ್ಟಿದೀನಿ. ಒಂದೂ ಬಿಟ್ಟಿಲ್ಲ."

"ಮತ್ತೆ ಕಾಣ್ತಿಲ್ಲವಲ್ಲ?"

"ಅದನ್ನ ಮೇಷ್ಟ್ರನ್ನ ಕೇಳಿ."

ನಾನು ಕಂಪ್ಯೂಟರ್ ತೆರೆದು ಬದಲಾವಣೆಗಳ ದಾಖಲೆಯನ್ನು ಗೋಡೆಯ ಪರದೆ ಮೇಲೆ ಹಾಕಿದೆ. ಬೀಗ ಬಿದ್ದ ಮಾರನೇ ದಿನ, ಮೇಷ್ಟ್ರ ಹೆಸರು. ಕ್ರಿಯಾಪದವಾದ ಕಡೆಯೆಲ್ಲ ಲಾಗಿನ್ ಹೋಗಿ ಲಾಗ್ ಇನ್. ಗೆರೆ ಇದ್ದ ಕಡೆಯೆಲ್ಲ ಇ-ಮೇಲ್ ಹೋಗಿ ಇಮೇಲ್. ಕೆಳಗೆ ಕಾರಣ ಬರೆಯುವ ಜಾಗದಲ್ಲಿ, "ಅನುವಾದಕಿಯ ಪ್ರಶ್ನೆಯಂತೆ" ಅಂತ ಇತ್ತು.

ಮೇಡಂ ನನ್ನ ಕಡೆ ತಿರುಗಿದರು. "ನಿನ್ನ ಪ್ರಶ್ನೆಯಂತೆ?"

ನನ್ನ ಪಿತ್ತ ನೆತ್ತಿಗೇರಿತು. ಪ್ರಶ್ನೆ ಕೇಳೋದು ತಪ್ಪಾ ಅಂದೆ. ಬೀಗ ಒಡೆಯಿರಿ ಅಂತ ಹೇಳಿದ್ನಾ ಅಂದೆ. ಮೇಷ್ಟ್ರು ಆಗ ಬಾಯಿಬಿಟ್ಟರು, "ಇದೇನು ದೊಡ್ಡ ಬದಲಾವಣೆ ಅಲ್ಲ, ಅರ್ಥ ಅದೇ ಇದೆ, ಯಂತ್ರಕ್ಕೆ ಅಷ್ಟು ಬುದ್ಧಿ ಇಲ್ಲ ಅಂದ್ರೆ ನಾನೇನು ಮಾಡ್ಲಿ" ಅಂತ. ಪ್ರೋಗ್ರಾಮರ್, "ಬೀಗ ಇರೋದೇ ಯಂತ್ರಕ್ಕೆ ಬುದ್ಧಿ ಇಲ್ಲ ಅಂತ" ಅಂದ. ಮೇಡಂ, ಬೀಗ ಬಿದ್ದಮೇಲೆ ಇವರನ್ನ ಒಳಗೆ ಬಿಟ್ಟವರ್ಯಾರು ಅಂತ ಅವನನ್ನು ಹಿಡಿದುಕೊಂಡರು. ಒಬ್ಬರ ಮಾತು ಇನ್ನೊಬ್ಬರ ಮೇಲೆ ಬೀಳುತ್ತಾ ಹೋಯಿತು. ನನ್ನ ತಪ್ಪಲ್ಲ ಅಂತ ಸಾಬೀತು ಮಾಡದೆ ನಾನು ಬಿಡುವವಳಲ್ಲ, ಬಿಡಲಿಲ್ಲ.

ಕೊನೆಗೆ ಪ್ರೋಗ್ರಾಮರ್ ಮೇಜು ತಟ್ಟಿದ. "ಯಾರ ತಪ್ಪು ಅನ್ನೋದು ಆಮೇಲೆ. ಎರಡು ದಾರಿ ಇದೆ. ಹೊಸ ವಾಕ್ಯಗಳ ಅನುವಾದ ನೋಡಿ ಒಪ್ಪಿಗೆ ಹಾಕೋದು. ಅದಕ್ಕೆ ಇನ್ನೊಬ್ಬರು ಪರಿಶೀಲಿಸಬೇಕು, ಆಸ್ಪತ್ರೆಯವರ ಸಹಿ ಬೇಕು, ಮೂರು ದಿನ. ಇಲ್ಲ ಅಂದ್ರೆ ಹಳೇ ಇಂಗ್ಲಿಷ್ ವಾಪಸ್ ಹಾಕೋದು. ಅದಕ್ಕೆ ಸಹಿ ಹಿಂದೆಯೇ ಆಗಿದೆ. ಹಾಕಿದ ತಕ್ಷಣ ಅನುವಾದ ಎಲ್ಲಾ ವಾಪಸ್ ಬರುತ್ತೆ. ಇಂಗ್ಲಿಷ್ ಮೇಷ್ಟ್ರದ್ದು, ಅವರು ಒಪ್ಪಬೇಕು."

"ಅಂದ್ರೆ ತಪ್ಪನ್ನ ವಾಪಸ್ ಹಾಕ್ಬೇಕಾ?" ಅಂದರು ಮೇಷ್ಟ್ರು. "ಬಟನ್ ಮೇಲೆ ಮತ್ತೆ ನಾಮಪದ? ಒಂದು ಕಡೆ ಗೆರೆ, ಒಂದು ಕಡೆ ಇಲ್ಲ? ಇಷ್ಟು ವರ್ಷ ಹೇಳ್ತಾ ಬಂದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ಸರಿಯಾಗಿದೆ. ತಪ್ಪು ಅಂತ ಗೊತ್ತಿದ್ದೂ ನಾನು ಒಪ್ಪಿಗೆ ಕೊಡ್ಲಾ? ಆ ಮೂರು ದಿನವನ್ನ ಒಂದು ದಿನ ಮಾಡಕ್ಕಾಗಲ್ವಾ, ಅದನ್ನ ನೋಡಿ."

ಅವರ ಸಂಕಟ ನನಗೆ ಅರ್ಥವಾಗದೇ ಇರಲಿಲ್ಲ. ಅವರು ಹೇಳಿದ್ದು ಸರಿ. ನಾನು ಕೇಳಿದ್ದೂ ಸರಿ. ಆದರೂ ಅವರಿಗೆ ಎರಡು ಮಾತು ಬಿಗಿಯಬೇಕು ಅಂತ ಬಾಯಿ ತೆರೆದೆ, ಅಷ್ಟರಲ್ಲಿ ನನ್ನ ಫೋನ್ ನಡುಗಿತು. ಗಂಡ ಬರೆದಿದ್ದರು. "ಅಮ್ಮನಿಗೆ ಉಸಿರಾಡೋದು ಕಷ್ಟ ಆಗ್ತಿದೆ. ಸಿಸ್ಟರ್ ಆಕ್ಸಿಜನ್ ಹಾಕಿದಾರೆ. ನಾನು ಡಾಕ್ಟರನ್ನ ಹುಡುಕಿ ಕರ್ಕೊಂಡು ಬರ್ತೀನಿ."

ಫೋನನ್ನು ಮೇಷ್ಟ್ರ ಮುಂದೆ ಇಟ್ಟೆ. ಅವರು ಓದಿದರು. ಇನ್ನೊಂದು ಸಲ ಓದಿದರು.

"ನಿಮ್ಮ ಅತ್ತೆ ಅದೇ ಆಸ್ಪತ್ರೆಗೆ ಹೋಗೋದಾ?" ಅಂದರು. "ಮೊದಲೇ ಯಾಕೆ ಹೇಳಲಿಲ್ಲಮ್ಮ?"

ಹೇಳಿದ್ದರೆ ಆಗುತ್ತಿತ್ತು. ನಾನು ಯಾರ ತಪ್ಪು ಅಂತ ಹೇಳುವುದರಲ್ಲೇ ಮುಳುಗಿದ್ದೆ.

ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡರು. ಪ್ರೋಗ್ರಾಮರ್ ಮಾಡ್ತೀನಿ ಅಂದರೂ ಬಿಡಲಿಲ್ಲ. ಹಳೇ ವಾಕ್ಯಗಳನ್ನು ತಾವೇ ವಾಪಸ್ ಹಾಕಿದರು, ಲಾಗಿನ್ ಸೇರಿಸಿ, ಇ-ಮೇಲ್‌ಗೆ ಗೆರೆ ಎಳೆದು. ಕಾರಣ ಬರೆಯುವ ಜಾಗದಲ್ಲಿ "ನನ್ನ ತಪ್ಪು" ಅಂತಷ್ಟೇ ಬರೆದು ಎದ್ದು ಕಿಟಕಿ ಕಡೆ ಹೋದರು. ಪ್ರೋಗ್ರಾಮರ್ ಅದನ್ನು ಹೊರಗೆ ಬಿಟ್ಟ. ಸ್ವಲ್ಪ ಹೊತ್ತಿಗೆ ಅವನ ಪರೀಕ್ಷೆಯ ಫೋನಿನಲ್ಲಿ ನನ್ನ ವಾಕ್ಯಗಳು ಒಂದೊಂದಾಗಿ ಕಾಣಿಸಿಕೊಂಡವು. ನಾನು ಬ್ಯಾಗ್ ಎತ್ತಿಕೊಂಡು ಓಡಿದೆ.

ಬಸ್ಸಿನಲ್ಲಿದ್ದಾಗ ಅತ್ತೆಯ ಫೋನ್ ಬಂತು. ಏದುಸಿರು. ಆದರೂ ಧ್ವನಿಯಲ್ಲಿ ಗತ್ತು ಇತ್ತು. "ಕುರ್ಚಿ ಸಿಕ್ತು ಕಣೇ. ಇವನು ಡಾಕ್ಟರನ್ನ ಹುಡುಕ್ಕೊಂಡು ಹೋಗಿದ್ದ. ಮೆಸೇಜ್ ಬಂತು, ನಮ್ಮ ಭಾಷೇಲಿ. ಓದಿದೆ, ಒತ್ತಿದೆ. ಸಂಖ್ಯೆನೂ ನಾನೇ ಹಾಕಿದೆ. ಒಳಗೆ ಕರ್ಕೊಂಡು ಹೋಗ್ತಿದಾರೆ."

ನನಗೆ ಬಸ್ಸಿನಲ್ಲೇ ಅಳು ಬಂತು. ಯಾರು ನೋಡಿದರೂ ನೋಡಲಿ ಅಂತ ಅತ್ತುಬಿಟ್ಟೆ.

ಆಸ್ಪತ್ರೆಗೆ ಹೋದಾಗ ಯಂತ್ರ ಶುರುವಾಗಿ ಆಗಲೇ ಸುಮಾರು ಹೊತ್ತಾಗಿತ್ತು. ಬಾಗಿಲಿನ ಗಾಜಿನಿಂದ ನೋಡಿದೆ. ಅತ್ತೆ ಕಣ್ಣು ಮುಚ್ಚಿ ಒರಗಿದ್ದರು, ಉಸಿರು ಹತೋಟಿಗೆ ಬಂದಿತ್ತು. ಗಂಡ ಒಳಗೆ ಅವರ ಪಕ್ಕದಲ್ಲಿದ್ದರು. ಹೋದ ಜೀವ ಬಂದ ಹಾಗಾಯಿತು. ನೀರು ಕುಡಿಯೋಣ ಅಂತ ತಿರುಗಿದೆ. ಬೆಳಗ್ಗೆ ಅತ್ತೆಯ ಪಕ್ಕ ಕೂತಿದ್ದ ತಾತ ಇನ್ನೂ ಅದೇ ಬೆಂಚಿನ ಮೇಲಿದ್ದರು.

"ನಿಮ್ಮವರಿಗೆ ಸಿಕ್ತಲ್ಲಮ್ಮ, ಒಳ್ಳೇದಾಯ್ತು," ಅಂದರು. ನಿಜವಾಗಲೂ ಸಂತೋಷದಿಂದಲೇ ಅಂದರು.

"ನಿಮಗಿನ್ನೂ ಬಂದಿಲ್ವಾ ತಾತ?"

"ಸರದೀಲಿ ನಾನೇ ಮುಂದಿದ್ದೆ. ಏನೋ, ನನಗೆ ಬರಲೇ ಇಲ್ಲ. ಬೇಡದ ಮೆಸೇಜ್ ಮಾತ್ರ ಬರ್ತವೆ." ಜೇಬಿನಿಂದ ಫೋನ್ ತೆಗೆದು ನನ್ನ ಕೈಗೆ ಕೊಟ್ಟರು. "ಇದು ನೋಡು, ನಿಮ್ಮವರಿಗೆ ಬರೋ ಸ್ವಲ್ಪ ಮುಂಚೆ ಬಂತು. ಇಂಗ್ಲಿಷು. ಜಾಹೀರಾತಿರಬೇಕು ಅಂತ ಬಿಟ್ಟೆ. ಏನಂತೆ?"

ಓದಿದೆ. ಮೂರು ಸಣ್ಣ ವಾಕ್ಯ. ಇಮೇಲ್, ಗೆರೆ ಇಲ್ಲದೆ. ಲಾಗ್ ಇನ್, ಬಿಡಿಸಿ. ಒಂದು ಅಕ್ಷರ ಆಚೆ ಈಚೆ ಇಲ್ಲ. ಅದು ಬಂದಾಗ ನಾವು ನಾಲ್ವರು ಮೇಜಿನ ಸುತ್ತ ಕೂತು ಯಾರ ತಪ್ಪು ಅಂತ ಕಿತ್ತಾಡುತ್ತಿದ್ದೆವು.

ಅನುವಾದ ನನ್ನ ಹೊಟ್ಟೆಪಾಡು. ಆ ಮೂರು ವಾಕ್ಯವನ್ನು ಇನ್ನೊಂದು ಸಲ ಓದಿಕೊಂಡೆ. ಆಮೇಲೆ ಹೇಳಿದೆ. "ನಿಮಗೆ ಇವತ್ತಿಗೆ ಒಂದು ಕುರ್ಚಿ ಖಾಲಿಯಾಗಿದೆ ಅಂತ, ತಾತ. ವಿವರ ಇಮೇಲ್‌ಗೆ ಕಳಿಸಿದೀವಿ. ಹತ್ತು ನಿಮಿಷದೊಳಗೆ ಒಳಗೆ ಹೋಗಿ ಒಪ್ಕೊಳ್ಳಿ."

ಅವರು ಫೋನ್ ನೋಡಿದರು, ನನ್ನ ನೋಡಿದರು. "ಹತ್ತು ನಿಮಿಷ ಆಗೋಯ್ತಾ?"

"ಆಗೋಯ್ತು ತಾತ. ಆ ಕುರ್ಚಿ ಮೇಲೆ ನಮ್ಮ ಅತ್ತೆ ಇದಾರೆ."

ಒಳಗೆ ಹೋಗಿ ಸಿಸ್ಟರ್ ಹತ್ತಿರ ಕೂಗಾಡಿದೆ. ಇವತ್ತಿನ ಕುರ್ಚಿಗಳೆಲ್ಲ ಮುಗಿದವು, ಇನ್ಯಾವುದೂ ಖಾಲಿಯಾಗುವ ಹಾಗೆ ಕಾಣೋದಿಲ್ಲ, ನಾಳೆ ಬೆಳಗ್ಗೆ ನೋಡೋಣ ಅಂದರು. ಅವರನ್ನು ಬೈದು ಏನು ಬಂತು? ಹೊರಗೆ ಬಂದೆ.

ತಾತ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪರದೆಯನ್ನೇ ನೋಡುತ್ತಿದ್ದರು. "ಇರಲಿ ಬಿಡಮ್ಮ," ಅಂದರು. "ಇನ್ನೊಂದು ಬಂದ್ರೆ ಓದಿ ಹೇಳ್ತೀಯಾ?"

ಇನ್ನು ಮೇಲೆ ನಮ್ಮ ಭಾಷೆಯಲ್ಲೇ ಬರುತ್ತೆ ಅಂತ ಹೇಳಬಹುದಿತ್ತು. ಹೇಳಲು ನಾಚಿಕೆಯಾಯಿತು. ಹೇಳ್ತೀನಿ ತಾತ ಅಂದು ಅವರ ಪಕ್ಕ ಕೂತೆ. ಚಪ್ಪಲಿ ಬಿಟ್ಟು ಕಾಲು ನೆಲಕ್ಕೆ ಊರಿದ್ದರು. ನಮ್ಮ ಅತ್ತೆಯದಕ್ಕಿಂತ ಹೆಚ್ಚು ಊದಿದ್ದವು.